ಬಿಕ್ಕಳಿಕೆಯ ಬೆನ್ನು ಹತ್ತಿದಾಗ

ಪುಣೆಯ ಬಿಬವೇವಾಡಿಯಲ್ಲಿ ನಾವಿರುವ ಕಟ್ಟಡದಲ್ಲಿ ಮರಾಠಿ ಮನೆಗಳ ನಡುವೆ ವಿಜಯಪುರ, ಕಲಬುರಗಿ ಕಡೆಯ ಮನೆಗಳೂ ಇವೆ. ಹುಡುಗನೊಬ್ಬ ಕಟಕಟಿ ರೊಟ್ಟಿಯನ್ನು ಗಬಗಬ ತಿಂದು ಬಿಕ್ಕಳಿಸತೊಡಗಿದರೆ ಎರಡೂ ಭಾಷೆಯ ಅಜ್ಜಿಯರದು ಒಂದೇ ಮಾತು: 'ಯಾರೋ ನೆನಸಾಕತ್ತಾರ'. ಆಮೇಲೆ ಹೆಸರು ಹೇಳುವುದು ಶುರುವಾಗುತ್ತದೆ. ಸೋದರಮಾವ, ಅತ್ತೆ, ಊರಿನ ಗೆಳೆಯ ಹೀಗೆ ಒಂದೊಂದೇ ಹೆಸರು. ಯಾವ ಹೆಸರಿಗೆ ಬಿಕ್ಕಳಿಕೆ ನಿಂತಿತೋ ಅವರೇ ನೆನೆಸಿದ್ದು.

ಬಿಕ್ಕಳಿಕೆಯ ಒಳಗೆ ನಡೆಯುವುದನ್ನು ಯಂತ್ರ ಹಚ್ಚಿ ಅಳೆದವರಲ್ಲಿ ಮುಖ್ಯರು ಲಂಡನ್ನಿನ ನರರೋಗ ವೈದ್ಯ ಜಾನ್ ನ್ಯೂಸಮ್ ಡೇವಿಸ್. ಬಿಕ್ಕಳಿಸುವವರ ಉಸಿರಾಟದ ಸ್ನಾಯುಗಳಲ್ಲಿ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸಿ ಅವರು 1970ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಬರೆದರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಒಮ್ಮೆಲೇ ಜಗ್ಗಿ ಗಾಳಿಯನ್ನು ಒಳಗೆಳೆಯುತ್ತದೆ. ಸುಮಾರು 35 ಮಿಲಿಸೆಕೆಂಡಿನಲ್ಲಿ, ಅಂದರೆ ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ಗಂಟಲಿನ ಧ್ವನಿತಂತುಗಳು ಫಟ್ಟನೆ ಮುಚ್ಚಿಕೊಳ್ಳುತ್ತವೆ. ನಮಗೆ ಕೇಳುವ 'ಹಿಕ್' ಈ ಮುಚ್ಚುವಿಕೆಯ ಸದ್ದು. ಬಾಗಿಲು ಇಷ್ಟು ಬೇಗ ಬೀಳುವುದರಿಂದ ಎಷ್ಟು ಬಿಕ್ಕಳಿಸಿದರೂ ಗಾಳಿ ಹೆಚ್ಚೇನೂ ಒಳಗೆ ಹೋಗುವುದಿಲ್ಲ. ಶ್ವಾಸನಾಳದಲ್ಲಿ ನಳಿಕೆ ಇಟ್ಟಿರುವ ರೋಗಿಗೆ ಈ ಬಾಗಿಲಿನ ತಡೆ ಇರುವುದಿಲ್ಲ. ಅವರಲ್ಲಿ ಬಿಕ್ಕಳಿಕೆಯೇ ಉಸಿರಾಟವನ್ನು ಅತಿಯಾಗಿಸಬಲ್ಲದು.

ನನಗೆ ಡೇವಿಸ್ ಅವರ ಕೆಲಸದಲ್ಲಿ ಅತ್ಯಂತ ಹಿಡಿಸಿದ್ದು ಮುಂದಿನ ಹೆಜ್ಜೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮಾಮೂಲಿ ಉಸಿರಾಟದ ವೇಗ ಏರುತ್ತದೆ. ಬಿಕ್ಕಳಿಕೆಯೂ ಉಸಿರಾಟದ್ದೇ ಒಂದು ರೂಪವಾಗಿದ್ದರೆ ಅದೂ ಏರಬೇಕಿತ್ತು. ಅಲ್ಲಿ ಆದದ್ದು ತಿರುಗಾಮುರುಗಾ: ಡೈಆಕ್ಸೈಡ್ ಏರಿದಂತೆ ಬಿಕ್ಕಳಿಕೆ ವಿರಳವಾಯಿತು. ಹಾಗಾಗಿ ಇದು ಉಸಿರಾಟದ ಲಯದಿಂದ ಹುಟ್ಟುವುದಲ್ಲ, ಮಿದುಳುಕಾಂಡದಲ್ಲಿ ಇದಕ್ಕೆ ಬೇರೆಯೇ ದಾರಿ ಇದೆ ಎಂದು ಅವರು ತೀರ್ಮಾನಿಸಿದರು. ಉಸಿರು ಬಿಗಿಹಿಡಿಯುವ ಹಳೆಯ ಮದ್ದಿಗೂ ಇಲ್ಲೇ ಆಧಾರ ಸಿಕ್ಕಿತು. ಉಸಿರು ಕಟ್ಟಿದಷ್ಟು ಹೊತ್ತು ಡೈಆಕ್ಸೈಡ್ ಏರುತ್ತಲೇ ಇರುತ್ತದೆ.

ಹಾಗಾದರೆ ರೊಟ್ಟಿಗೂ ಇದಕ್ಕೂ ಏನು ನಂಟು? ಅವಸರದ ದೊಡ್ಡ ತುತ್ತು ಅನ್ನನಾಳವನ್ನು ಹಿಗ್ಗಿಸುತ್ತದೆ, ಸೋಡಾ ಹೊಟ್ಟೆಯನ್ನು ಉಬ್ಬಿಸುತ್ತದೆ. ಆ ಸುದ್ದಿಯನ್ನು ವೇಗಸ್ ನರ ಮಿದುಳುಕಾಂಡಕ್ಕೆ ಒಯ್ಯುತ್ತದೆ, ಅಲ್ಲಿಂದ ಫ್ರೆನಿಕ್ ನರದ ಮೂಲಕ ವಪೆಗೆ ಅಪ್ಪಣೆ ಬರುತ್ತದೆ. ಅದೇ ವೇಗಸ್ ನರಕ್ಕೆ ಗಂಟಲಿನಿಂದ ಬೇರೊಂದು ಬಲವಾದ ಸುದ್ದಿ ಕೊಟ್ಟರೆ ಈ ಸುತ್ತು ಮುರಿಯಬಹುದು. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಸುವುದರ ಹಿಂದಿರುವ ತರ್ಕ ಇದೇ. 1971ರಲ್ಲಿ ಎಂಗಲ್ಮನ್ ಮತ್ತು ಸಂಗಡಿಗರು ಬಿಕ್ಕಳಿಸುತ್ತಿದ್ದ 20 ಜನರಿಗೆ ಒಂದು ಚಮಚ ಒಣ ಸಕ್ಕರೆ ನುಂಗಿಸಿದರು. 19 ಜನರಿಗೆ ತಕ್ಷಣ ನಿಂತಿತು. ಸಕ್ಕರೆಯ ಹರಳು ಗಂಟಲ ಹಿಂಭಾಗವನ್ನು ಕೆರಳಿಸುವುದೇ ಇದಕ್ಕೆ ಕಾರಣವಿರಬೇಕು. ಹೆದರಿಸುವ ಉಪಾಯವಂತೂ ಚರಕಸಂಹಿತೆಯಷ್ಟು ಹಳೆಯದು. ಅಲ್ಲಿ ಹಠಾತ್ತನೆ ತಣ್ಣೀರು ಎರಚುವುದನ್ನೂ, ಬೆಚ್ಚಿಬೀಳಿಸುವುದನ್ನೂ, ಸಿಟ್ಟು ಬರಿಸುವುದನ್ನೂ ಬಿಕ್ಕಳಿಕೆಗೆ ಮದ್ದೆಂದೇ ಹೇಳಿದೆ. ಬೆಚ್ಚಿದಾಗ ಉಸಿರು ತಾನಾಗಿ ಕಟ್ಟುತ್ತದಲ್ಲ!

ಆದರೆ ಎಂಗಲ್ಮನ್ ಸಕ್ಕರೆ ಕೊಡದೆ ಬಿಟ್ಟವರ ಗುಂಪನ್ನು ಜೊತೆಗಿಟ್ಟು ಹೋಲಿಸಲಿಲ್ಲ. ಸಾಮಾನ್ಯ ಬಿಕ್ಕಳಿಕೆ ಏನೂ ಮಾಡದಿದ್ದರೂ ಕೆಲವು ನಿಮಿಷಗಳಲ್ಲಿ ನಿಲ್ಲುವಂಥದ್ದು. ಹುಡುಗನಿಗೆ ಮೊದಲು ನೀರು ಕುಡಿಸುತ್ತಾರೆ, ಆಮೇಲೆ ಬೆನ್ನಿಗೆ ಗುದ್ದುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ಅಷ್ಟರಲ್ಲಿ ಅದು ಮುಗಿಯುವ ಹೊತ್ತಾಗಿರುತ್ತದೆ, ಕೊನೆಗೆ ಮಾಡಿದ್ದಕ್ಕೆ ಹೆಸರು ಬರುತ್ತದೆ. ಸೋದರಮಾವ ಗೆಲ್ಲುವುದು ಹೀಗೆ. ಮನೆಯಲ್ಲೇ ಪರೀಕ್ಷಿಸುವುದಾದರೆ ಎರಡು ಬಿಕ್ಕಳಿಕೆಗಳ ನಡುವಿನ ಅಂತರವನ್ನು ಗಡಿಯಾರ ನೋಡಿ ಗುರುತಿಸಬೇಕು. ಮದ್ದಿಗೆ ಮೊದಲೇ ಅಂತರ ಹಿಗ್ಗುತ್ತಾ ಬಂದಿದ್ದರೆ ಅದು ತಾನಾಗಿಯೇ ನಿಲ್ಲುವ ದಾರಿಯಲ್ಲಿತ್ತು. ಒಂದೇ ವೇಗದಲ್ಲಿ ನಡೆದದ್ದು ಉಸಿರು ಕಟ್ಟಿದೊಡನೆ ವಿರಳವಾದರೆ ಆ ಮದ್ದಿಗೆ ಸ್ವಲ್ಪ ಪಾಲು ಕೊಡಬಹುದು, ಅದೂ ಪ್ರತಿಸಲ ಹಾಗೇ ಆದರೆ ಮಾತ್ರ.

48 ಗಂಟೆ ದಾಟಿದ ಬಿಕ್ಕಳಿಕೆಯ ಲೆಕ್ಕ ಬೇರೆ. ಮೂತ್ರಪಿಂಡದ ವೈಫಲ್ಯ, ಮಿದುಳುಕಾಂಡದ ಪಾರ್ಶ್ವವಾಯು, ಎದೆ ಅಥವಾ ಹೊಟ್ಟೆಯೊಳಗಿನ ಗಡ್ಡೆ ಆ ನರದ ಸುತ್ತನ್ನು ಸತತ ಕೆರಳಿಸುತ್ತಿರಬಹುದು. ಬಿಕ್ಕಳಿಕೆಯ ಜೊತೆ ಎದೆನೋವು, ಮಾತಿನ ತೊದಲು ಅಥವಾ ತಲೆಸುತ್ತು ಬಂದರೆ ಎರಡು ದಿನ ಕಾಯಲೂಬಾರದು. ವೈದ್ಯರು ಮೊದಲು ಮೂಲಕಾರಣ ಹುಡುಕುತ್ತಾರೆ. ಬೇಕಾದರೆ ಬ್ಯಾಕ್ಲೋಫೆನ್ ಅಥವಾ ಕ್ಲೋರ್‌ಪ್ರೋಮಜಿನ್ ಕೊಡುತ್ತಾರೆ.