ಗಡಿಯಾರವನ್ನು ನಂಬಿದ ರಾಕೆಟ್

1988ರ ಜುಲೈ 13ರಂದು ಶ್ರೀಹರಿಕೋಟಾದಿಂದ ಮೇಲೆದ್ದ ಎಎಸ್‌ಎಲ್‌ವಿ ರಾಕೆಟ್ ಸುಮಾರು ಒಂದು ನಿಮಿಷದೊಳಗೆ ಮುರಿದು ಸಮುದ್ರದ ಪಾಲಾಯಿತು. ಅದರ ಮೊದಲ ಹಾರಾಟವೂ 1987ರ ಮಾರ್ಚ್ 24ರಂದು ವಿಫಲವಾಗಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್.

ಹೀಗಾದಾಗ 'ಯಾರ ತಪ್ಪು?' ಎಂದು ಕೇಳುವುದು ಸುಲಭ. ಆದರೆ ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. 1979ರಲ್ಲಿ ಎಸ್‌ಎಲ್‌ವಿ-3 ಬಿದ್ದಾಗ ಅಂದಿನ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ನಿಂತು ಹೊಣೆ ಹೊತ್ತರು; ಯೋಜನೆಯ ಮುಂದಾಳು ಕಲಾಂ ಅದನ್ನು ಮುಂದೆ ಅನೇಕ ಬಾರಿ ನೆನೆದರು. ಎಎಸ್‌ಎಲ್‌ವಿ ಪರಿಶೀಲನೆಯಲ್ಲೂ ಇಂಥ ನಡವಳಿಕೆಯೇ ಬೇಕಿತ್ತು. ಏಕೆಂದರೆ ಅಲ್ಲಿನ ದೋಷ ಒಬ್ಬರ ಕೈಯಲ್ಲಿರಲಿಲ್ಲ, ಎರಡು ಕೆಲಸಗಳ ನಡುವಿನ ಸಂದಿಯಲ್ಲಿತ್ತು.

ರಾಕೆಟ್‌ನ ಪಕ್ಕಕ್ಕೆ ಎರಡು ಬೂಸ್ಟರ್‌ಗಳನ್ನು ಕಟ್ಟಲಾಗಿತ್ತು. ಅವು 50 ಸೆಕೆಂಡಿನ ಹತ್ತಿರ ಉರಿದು ತೀರಬೇಕು, ಆಗ ನಡುವಿನ ಮೊದಲ ಹಂತ ಹೊತ್ತಿಕೊಳ್ಳಬೇಕು. ಮೊದಲ ಹಾರಾಟದಲ್ಲಿ ಅದು ಹೊತ್ತಿಕೊಳ್ಳಲೇ ಇಲ್ಲ. ತಂಡ ಹೊತ್ತಿಸುವ ವ್ಯವಸ್ಥೆಯನ್ನು ಶೋಧಿಸಿ ಗಟ್ಟಿಗೊಳಿಸಿತು. ಎರಡನೆಯ ಬಾರಿ ಬೆಂಕಿಯೇನೋ ಹತ್ತಿತು, ಆದರೂ ರಾಕೆಟ್ ಉಳಿಯಲಿಲ್ಲ.

ಆಗಲೇ ಆಳದ ದೋಷ ಕಣ್ಣಿಗೆ ಬಿದ್ದದ್ದು. ನಡುವಿನ ಹಂತ ಯಾವಾಗ ಹೊತ್ತಬೇಕೆಂಬುದನ್ನು ಗಡಿಯಾರಕ್ಕೆ ಮೊದಲೇ ಹೇಳಿಡಲಾಗಿತ್ತು. ಬೂಸ್ಟರ್‌ಗಳೋ ಲೆಕ್ಕಕ್ಕಿಂತ ತುಸು ಮುಂಚೆಯೇ ಆರಿದವು. ದಿಕ್ಕು ತಿದ್ದುವ ಬಲ ಇದ್ದದ್ದು ಅವುಗಳಲ್ಲೇ. ಆ ಕಿರು ಅಂತರದಲ್ಲಿ ರಾಕೆಟ್‌ಗೆ ಚುಕ್ಕಾಣಿಯೇ ಇರಲಿಲ್ಲ. ಅದೂ ಗಾಳಿಯ ಒತ್ತಡ ಜೋರಾಗಿದ್ದ ಎತ್ತರದಲ್ಲಿ.

ಬೂಸ್ಟರ್ ಎಷ್ಟು ಹೊತ್ತು ಉರಿಯುತ್ತದೆಂದು ಅಂದಾಜಿಸಿದವರನ್ನು ದೂರಿದ್ದರೆ ಏನಾಗುತ್ತಿತ್ತು? ಮುಂದಿನ ಸಲ ಅವರು ಇನ್ನಷ್ಟು ನಿಖರವಾದ ಅಂಕಿ ಕೊಡಲು ಹೆಣಗುತ್ತಿದ್ದರು. ಘನ ಇಂಧನ ಮಾತ್ರ ಪ್ರತಿ ಸಲ ಒಂದೇ ರೀತಿ ಉರಿಯುವುದಿಲ್ಲ. ಅದಕ್ಕೆಂದೇ ತಂಡ ಗಡಿಯಾರದ ಅವಲಂಬನೆಯನ್ನೇ ಬಿಟ್ಟಿತು. ಬೂಸ್ಟರ್‌ಗಳ ಬಲ ಕುಗ್ಗುವುದನ್ನು ರಾಕೆಟ್ ತಾನೇ ಗಮನಿಸಿ, ಆ ಕ್ಷಣದಲ್ಲಿ ಮುಂದಿನ ಹಂತಕ್ಕೆ ಕಿಡಿ ಕೊಡುವಂತೆ ಬದಲಾಯಿಸಿತು. ಇದಕ್ಕೆ 'ರಿಯಲ್ ಟೈಮ್ ಡಿಸಿಷನ್' ಎಂಬ ಹೆಸರು. ರಾಕೆಟ್ ಹೊಯ್ದಾಡದಿರಲೆಂದು ಬುಡಕ್ಕೆ ರೆಕ್ಕೆಗಳೂ ಬಂದವು.

1992ರ ಮೇ 20ರಂದು ಮೂರನೆಯ ಎಎಸ್‌ಎಲ್‌ವಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಕ್ಷೆ ಎಣಿಸಿದ್ದಕ್ಕಿಂತ ಕೆಳಗಿದ್ದುದರಿಂದ ಉಪಗ್ರಹ ಎರಡು ತಿಂಗಳೂ ಬಾಳಲಿಲ್ಲ; ಹಾಗಾಗಿ ಪರಿಶೀಲನೆ ಮತ್ತೆ ನಡೆಯಿತು. 1994ರ ಮೇ 4ರ ನಾಲ್ಕನೆಯ ಹಾರಾಟ ಯಶಸ್ವಿಯಾಯಿತು. ಎಎಸ್‌ಎಲ್‌ವಿ ಅಲ್ಲಿಗೆ ನಿವೃತ್ತವಾದರೂ, ಗಡಿಯಾರಕ್ಕಿಂತ ರಾಕೆಟ್‌ನ ಸ್ಥಿತಿಯನ್ನೇ ನೋಡಿ ತೀರ್ಮಾನಿಸುವ ಕ್ರಮ ಪಿಎಸ್‌ಎಲ್‌ವಿಯ ವಿನ್ಯಾಸದಲ್ಲಿ ಉಳಿದುಕೊಂಡಿತು. ಆ ಎರಡು ಸೋಲುಗಳನ್ನು ಕಾಣದ ಹೊಸ ಎಂಜಿನಿಯರ್‌ಗೂ ಅದು ಕೆಲಸದ ಭಾಗವಾಗಿಯೇ ಸಿಗುತ್ತದೆ.