ಬೇರಂಬಾಡಿ ಬೋರ್‌ವೆಲ್ ಲೆಕ್ಕ: ಡೇಟಾ ಇಡೋದು ಹೇಗೆ, ಕೊಡೋದು ಯಾರಿಗೆ?

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಸುತ್ತಮುತ್ತ ಸುಮಾರು 84 ಚದರ ಕಿಲೋಮೀಟರಿನ ಒಂದು ಜಲಾನಯನ ಪ್ರದೇಶ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸ್‌ನ ಸಂಶೋಧಕರ ಜೊತೆ ಸೇರಿ ವರ್ಷಗಳಿಂದ ಅಲ್ಲಿ ಮಣ್ಣಿನ ತೇವ, ಬೆಳೆ, ಅಂತರ್ಜಲ ಅಳೀತಾ ಬಂದಿದ್ದಾರೆ. ಪಕ್ಕದ ಬಂಡೀಪುರ ಕಾಡಿನೊಳಗೆ ಮೂಲೆಹೊಳೆ ಅನ್ನೋ 4 ಚದರ ಕಿಲೋಮೀಟರಿನ ಇನ್ನೊಂದು ಪ್ರದೇಶವನ್ನೂ ಇದೇ ತಂಡ 2003ರಿಂದ ಗಮನಿಸ್ತಿದೆ. ಕಾಡಿನ ಡೇಟಾ ಹಂಚೋದು ಅಷ್ಟು ತಲೆನೋವಲ್ಲ, ಅಲ್ಲಿ ಯಾರ ಮನೆಯ ವಿಷಯವೂ ಇಲ್ಲ. ಬೇರಂಬಾಡಿ ಹಾಗಲ್ಲ. ಅಲ್ಲಿ ಅಂತರ್ಜಲ ಅಳೆಯೋದು ರೈತರ ಸ್ವಂತ ಬೋರ್‌ವೆಲ್‌ಗಳಲ್ಲಿ.

ಈಗ ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಸೀಮೆಯ 30 ಬೋರ್‌ವೆಲ್‌ಗಳನ್ನು ತಿಂಗಳಿಗೊಮ್ಮೆ ಅಳೀತೀರಿ ಅಂದ್ಕೊಳ್ಳಿ. ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್ ಅಂದ್ರೆ ಗೈಡ್‌ಗೆ ಕೊಡೋ ಎರಡು ಪುಟದ ಫಾರಂ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಅಸಲಿಗೆ ಅದು ಶುರುವಾಗೋದು ಬೋರ್ ಬಾಯಿಗೆ ಟೇಪ್ ಇಳಿಸೋ ಮುಂಚೆ, ಯಾವ ಕಾಲಂ ತುಂಬಬೇಕು ಅಂತ ತೀರ್ಮಾನ ಮಾಡುವಾಗ. ಒಂದು ಕಾಲ್ಪನಿಕ ಫೈಲ್ ನೋಡಿ:

```
well_id,date,time,depth_m,casing_m,pump_off_h,status
GP07,2025-01-12,07:10,46.30,0.45,9,OK
GP08,2025-01-12,07:40,,0.30,,DRY
```

ಟೇಪ್ ಅಳೆಯೋದು ಕೇಸಿಂಗ್ ಪೈಪಿನ ತುದಿಯಿಂದ. ಪೈಪ್ ನೆಲದಿಂದ 0.45 ಮೀಟರ್ ಮೇಲಿದ್ರೆ, ನೆಲಮಟ್ಟದಿಂದ ನೀರು ಇರೋದು 46.30 − 0.45 = 45.85 ಮೀಟರ್ ಆಳದಲ್ಲಿ. ಮುಂದಿನ ತಿಂಗಳು ರೈತರು ಪೈಪಿಗೆ 20 ಸೆಂಟಿಮೀಟರ್ ತುಂಡು ಸೇರಿಸಿ ಎತ್ತರಿಸಿದ್ರು, ನೀವು `casing_m` ತಿದ್ದಲಿಲ್ಲ ಅಂದ್ರೆ, ನೀರು 20 ಸೆಂಟಿಮೀಟರ್ ಇಳಿದುಹೋದ ಹಾಗೆ ಗ್ರಾಫ್ ತೋರಿಸುತ್ತೆ. ಇಳಿದಿರೋದಿಲ್ಲ.

ಇದಕ್ಕಿಂತ ದೊಡ್ಡ ಮೋಸ ಪಂಪಿನದು. ಮೂರು ಫೇಸ್ ಕರೆಂಟ್ ಬಂದ ತಕ್ಷಣ ಮೋಟರ್ ಓಡುತ್ತೆ, ಬೋರಿನೊಳಗಿನ ನೀರು ಸುತ್ತಲಿನ ಮಟ್ಟಕ್ಕಿಂತ ಎಷ್ಟೋ ಮೀಟರ್ ಕೆಳಗೆ ಹೋಗುತ್ತೆ. ಆಗ ಅಳೆದದ್ದು ಅಂತರ್ಜಲದ ಮಟ್ಟ ಅಲ್ಲ, ಆ ಮೋಟರಿನ ಎಳೆತ. ಅದಕ್ಕೇ `pump_off_h`, ಅಂದ್ರೆ ಪಂಪ್ ನಿಂತು ಎಷ್ಟು ಗಂಟೆ ಆಯ್ತು ಅನ್ನೋ ಕಾಲಂ. ಅಕ್ಕಪಕ್ಕದ ಬೋರ್‌ಗಳೆಲ್ಲ ಸುಮ್ಮನಿದ್ದು ಒಂದು ಮಾತ್ರ ಒಂದೇ ತಿಂಗಳಲ್ಲಿ ಹದಿನೈದು ಮೀಟರ್ ಕುಸಿದಿದ್ರೆ ಮೊದಲು ಆ ಕಾಲಂ ನೋಡಿ. ಇನ್ನು ಬತ್ತಿದ ಬೋರಿಗೆ 0 ಬರೀಬೇಡಿ. 0 ಅಂದ್ರೆ ನೀರು ಪೈಪಿನ ಬಾಯಿಗೇ ಬಂದಿದೆ ಅಂತ ಅರ್ಥ! ಆಳದ ಜಾಗ ಖಾಲಿ ಬಿಟ್ಟು `DRY` ಅಂತ ಗುರುತು ಹಾಕಿ.

ಸಂಗ್ರಹದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 30 ಬೋರ್, 12 ತಿಂಗಳು, 3 ವರ್ಷ ಅಂದ್ರೆ 1,080 ಸಾಲು. ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋಗಿಂತ ಚಿಕ್ಕ ಫೈಲ್, ಹಾಗಾಗಿ ಮೂರು ಕಡೆ ಕಾಪಿ ಇಡೋಕೆ ಜಾಗ ಸಾಲಲ್ಲ ಅನ್ನೋ ಹಾಗಿಲ್ಲ. ಒಂದು ಕಾಪಿ ಕ್ಯಾಂಪಸ್ಸಿನ ಹೊರಗಿರಲಿ. ಮೂಲ ಫೈಲನ್ನು ಯಾರೂ ತಿದ್ದಬಾರದು, ತಿದ್ದುಪಡಿ ಏನಿದ್ರೂ ಬೇರೆ ಫೈಲಲ್ಲಿ, ಕಾರಣದ ಸಮೇತ. ಅಕೌಂಟ್ ಮಾತ್ರ ನಿಮ್ಮ ಕಾಲೇಜ್ ಮೇಲ್ ಐಡಿ ಮೇಲೆ ಇರೋದು ಬೇಡ, ನೀವು ಪಾಸಾಗಿ ಹೋದ್ಮೇಲೆ ಅದು ಮುಚ್ಚಬಹುದು. ವಿಭಾಗದ ಹೆಸರಲ್ಲಿ ಇರಲಿ.

ಕಷ್ಟ ಇರೋದು ಹಂಚಿಕೆಯಲ್ಲಿ. ಗುಂಡ್ಲುಪೇಟೆ ಅಂತರ್ಜಲ ಅತಿಬಳಕೆಯ ತಾಲ್ಲೂಕು. ಅಧಿಸೂಚಿತ ಪ್ರದೇಶಗಳಲ್ಲಿ ಬೋರ್‌ವೆಲ್ ನೋಂದಣಿ ಆಗಬೇಕು ಅನ್ನೋ ರಾಜ್ಯದ 2011ರ ಕಾಯ್ದೆಯೂ ಇದೆ. ಇಂಥ ಕಡೆ ಯಾರ ಹೊಲದಲ್ಲಿ ಎಷ್ಟು ಆಳಕ್ಕೆ ನೀರಿದೆ ಅನ್ನೋ ಪಟ್ಟಿ ಹೊರಗೆ ಬಿದ್ರೆ ಅದರ ಬಿಸಿ ತಟ್ಟೋದು ರೈತರಿಗೆ, ನಮಗಲ್ಲ. ಜಮೀನು ಕೊಳ್ಳೋಕೆ ಬಂದವನು ಅದನ್ನೇ ತೋರಿಸಿ ಚೌಕಾಸಿ ಮಾಡಬಹುದು. ಹೆಸರು ಅಳಿಸಿದ್ರೆ ಸಾಕಾಗಲ್ಲ. ಅಕ್ಷಾಂಶದಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿ ಇದ್ರೆ ಸುಮಾರು 11 ಮೀಟರಿನಷ್ಟು ನಿಖರ, ನೇರ ಆ ಬೋರಿನ ಮುಂದೇನೇ ಹೋಗಿ ನಿಲ್ಲಬಹುದು. ಎರಡೇ ಅಂಕಿ ಇಟ್ರೆ ಸುಮಾರು 1.1 ಕಿಲೋಮೀಟರ್, ಊರು ಗೊತ್ತಾಗುತ್ತೆ, ಹೊಲ ಗೊತ್ತಾಗಲ್ಲ. ಆದ್ರೆ ಅಷ್ಟು ಮಸುಕು ಮಾಡಿದ ಡೇಟಾದಿಂದ ನೀರು ಯಾವ ಕಡೆ ಇಳಿಜಾರಾಗಿದೆ ಅಂತ ನಕ್ಷೆ ಬಿಡಿಸೋಕೆ ಆಗಲ್ಲ. ಎರಡೂ ಬೇಕು ಅಂದ್ರೆ ಎರಡು ಫೈಲ್: ಎಲ್ಲರಿಗೂ ಎರಡಂಕಿಯದು, ಲಿಖಿತ ಒಪ್ಪಂದ ಮಾಡ್ಕೊಂಡ ಸಂಶೋಧಕರಿಗೆ ನಿಖರವಾದದ್ದು. ಹೆಸರು, ಫೋನ್ ನಂಬರ್ ಇರೋ ಮೂರನೇ ಫೈಲ್ ಯಾರಿಗೂ ಇಲ್ಲ, ಅದಕ್ಕೆ ಪಾಸ್‌ವರ್ಡ್ ಹಾಕಿ ಬೇರೆ ಕಡೆ ಇಡಿ. ಊರಲ್ಲಿ 300 ಮೀಟರ್ ಆಳದ ಬೋರ್ ಒಂದೇ ಇದ್ರೆ ಆಳವೇ ಮಾಲೀಕರನ್ನು ತೋರಿಸ್ಕೊಡುತ್ತೆ ಅನ್ನೋದೂ ನೆನಪಿರಲಿ. ಆ ಸಾಲನ್ನು ಬಿಡಿ, ಇಲ್ಲಾಂದ್ರೆ ‘200ಕ್ಕಿಂತ ಹೆಚ್ಚು’ ಅಂತ ಹಾಕಿ.

ಇದಕ್ಕೆಲ್ಲ ರೈತರ ಒಪ್ಪಿಗೆಯನ್ನು ಮೊದಲ ದಿನವೇ, ಕನ್ನಡದಲ್ಲಿ ಕೇಳಬೇಕು. “ಅಳೀಬಹುದಾ?” ಅನ್ನೋದು ಒಂದು ಪ್ರಶ್ನೆ, “ಬೇರೆಯವರಿಗೆ ಕೊಡಬಹುದಾ?” ಅನ್ನೋದು ಇನ್ನೊಂದು. ಮೊದಲನೇದಕ್ಕೆ ಹೂಂ ಅಂದವರೆಲ್ಲ ಎರಡನೇದಕ್ಕೂ ಹೂಂ ಅಂದ್ರು ಅಂತಲ್ಲ. ಮೂರು ವರ್ಷ ಆದ್ಮೇಲೆ ವಾಪಸ್ ಹೋಗಿ ಕೇಳೋಣ ಅಂದ್ರೆ, ಅಷ್ಟೊತ್ತಿಗೆ ಕೆಲವರು ಜಮೀನನ್ನೇ ಮಾರಿರಬಹುದು.

ಕಡೆಯದಾಗಿ, ಎಷ್ಟು ವರ್ಷ ಇಡಬೇಕು? ಹೆಸರು, ಫೋನ್ ನಂಬರಿನ ಫೈಲನ್ನು ಪ್ರಾಜೆಕ್ಟ್ ಮುಗಿದ ಮೇಲೆ ನೀವೇ ಬರೆದಿಟ್ಟ ದಿನಾಂಕಕ್ಕೆ ಅಳಿಸಿ, ಕಾಪಿಗಳ ಸಮೇತ. ನೀರಿನ ಮಟ್ಟದ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ. ಲ್ಯಾಬಿನ ಪ್ರಯೋಗವನ್ನು ಇನ್ನೊಂದ್ಸಲ ಮಾಡಬಹುದು, 2025ರ ಜನವರಿಯ ನೀರನ್ನು 2035ರಲ್ಲಿ ಅಳೆಯೋಕಾಗಲ್ಲ. ಮೂಲೆಹೊಳೆಯ ತಂಡ ತನ್ನ ಅಳತೆಗಳ ವಿವರವನ್ನು 2021ರಲ್ಲಿ ಒಂದು ಡೇಟಾ ಲೇಖನವಾಗಿಯೇ ಪ್ರಕಟಿಸಿತು. ಏನು ಅಳೆದ್ರು, ಯಾವ ಉಪಕರಣದಲ್ಲಿ, ಎಲ್ಲಿ ಸಿಗುತ್ತೆ ಅನ್ನೋದೇ ಅದರ ವಿಷಯ. ನಿಮ್ಮ 1,080 ಸಾಲಿಗೆ ಅಷ್ಟು ದೊಡ್ಡ ಲೇಖನ ಬೇಡ. ಪ್ರತಿ ಕಾಲಂನ ಅರ್ಥ, ಏಕಮಾನ, ಟೇಪಿನ ಮಾದರಿ ಬರೆದ ಒಂದು ಪುಟದ `README.txt` ಅದೇ ಫೋಲ್ಡರಲ್ಲಿ ಇದ್ರೆ ಆಯ್ತು.