ಬೆರೆಸಿದ ಮೇಲೆ ಉಳಿಯುವುದು ಯಾವುದು?

ಶಂಕುಪಾತ್ರೆಯೊಂದರಲ್ಲಿ 50 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲವಿದೆ. ಅದರ ಸಾರತೆ 0.1 ಮೋಲಾರ್. ಅದಕ್ಕೆ 0.2 ಮೋಲಾರ್ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು, ಅಂದರೆ ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾವನ್ನು, 30 ಮಿಲಿಲೀಟರ್‌ನಷ್ಟು ಸುರಿಯುತ್ತೇವೆ. ಈಗ ಪಾತ್ರೆಯಲ್ಲಿರುವ ದ್ರಾವಣದ ಪಿಎಚ್ ಎಷ್ಟು?

ಪಿಯುಸಿಯ ರಸಾಯನಶಾಸ್ತ್ರದಲ್ಲಿ ಇಂಥ ಲೆಕ್ಕ ಬರುತ್ತದೆ. ನಾಲ್ಕೇ ಸಾಲಿನಲ್ಲಿ ಮುಗಿಯುವ ಲೆಕ್ಕ. ಆದರೂ ಜಾಣ ಮಕ್ಕಳೇ ಇದರಲ್ಲಿ ಎಡವುತ್ತಾರೆ. ಕೂಡುವುದು ಕಳೆಯುವುದು ಬಾರದೆ ಅಲ್ಲ, ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು ಎಂಬುದು ಸ್ಪಷ್ಟವಾಗಿರುವುದಿಲ್ಲ.

ಮೊದಲು ತೋಚುವ ದಾರಿ ಸರಾಸರಿ. 0.1 ಮೋಲಾರ್ ಆಮ್ಲದ ಪಿಎಚ್ 1, 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನದು 13.3. ಮೊದಲನೆಯದು 50 ಮಿಲಿಲೀಟರ್, ಎರಡನೆಯದು 30. ಈ ಪ್ರಮಾಣಕ್ಕೆ ತಕ್ಕಂತೆ ಸರಾಸರಿ ತೆಗೆದರೆ ಸುಮಾರು 5.6 ಬರುತ್ತದೆ. ಆಮ್ಲದ ಅಳತೆಯೇ ಹೆಚ್ಚಾಗಿರುವುದರಿಂದ ಮಿಶ್ರಣ ತುಸು ಆಮ್ಲೀಯವಾಗಿರುವುದು ಸಹಜವೇ ಅಲ್ಲವೇ ಎಂದು ಮನಸ್ಸು ಒಪ್ಪಿಯೂ ಬಿಡುತ್ತದೆ. ನಿಜವಾದ ಉತ್ತರ 12.1. ಪಾತ್ರೆಯಲ್ಲಿರುವುದು ಆಮ್ಲವೇ ಅಲ್ಲ, ಕೈಗೆ ತಾಗಿದರೆ ಜಾರುವಂತಾಗುವ, ಚರ್ಮವನ್ನು ಕೆಡಿಸಬಲ್ಲ ಕ್ಷಾರ. ಎರಡು ಉತ್ತರಗಳ ನಡುವಿನ ಆರೂವರೆ ಅಂಕ ನೋಡಲು ಚಿಕ್ಕದು. ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಅದು ಮೂವತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಅಂತರ.

ಸರಾಸರಿ ಏಕೆ ಸಲ್ಲದು ಎಂಬುದಕ್ಕೆ ಕಾರಣ ಪಿಎಚ್ ಹುಟ್ಟಿದ ರೀತಿಯಲ್ಲೇ ಇದೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೊರೆನ್ಸೆನ್ 1909ರಲ್ಲಿ ಈ ಅಳತೆಯನ್ನು ಮುಂದಿಟ್ಟರು. ಹೈಡ್ರೋಜನ್ ಅಯಾನುಗಳ ಸಾರತೆಯನ್ನು 0.0001, 0.00000001 ಎಂದೆಲ್ಲ ಸೊನ್ನೆಗಳ ಸಾಲಿನಲ್ಲಿ ಬರೆಯುವ ಕಷ್ಟ ತಪ್ಪಿಸಲು ಅವರು ಆ ಸಂಖ್ಯೆಯ ಲಾಗರಿದಮ್ ತೆಗೆದು, ಋಣ ಚಿಹ್ನೆಯನ್ನು ತಿರುಗಿಸಿದರು. 0.0001 ಮೋಲಾರ್ ಇದ್ದರೆ ಪಿಎಚ್ 4. ಹೀಗಾಗಿ ಪಿಎಚ್‌ನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು. ಪಾತ್ರೆಯಲ್ಲಿ ಒಂದನ್ನೊಂದು ಸೇರಿ ಇಲ್ಲವಾಗುವುದು ಅಯಾನುಗಳೇ ಹೊರತು ಅವುಗಳ ಲಾಗರಿದಮ್‌ಗಳಲ್ಲ. ಆದ್ದರಿಂದ ಪಿಎಚ್ ಎಂಬ ಸಂಖ್ಯೆ ಲೆಕ್ಕದ ಕೊನೆಯ ಸಾಲಿನಲ್ಲಿ ಮಾತ್ರ ಬರಬೇಕು. ಅಲ್ಲಿಯವರೆಗೂ ಎಣಿಸಬೇಕಾದದ್ದು ಅಯಾನುಗಳನ್ನು.

ಈ ಎಣಿಕೆ ಸುಲಭವಾಗುವುದು ಇಲ್ಲಿನ ಎರಡೂ ವಸ್ತುಗಳು ಪ್ರಬಲವಾಗಿರುವುದರಿಂದ. ರಸಾಯನಶಾಸ್ತ್ರದಲ್ಲಿ ಪ್ರಬಲ ಎಂದರೆ ಗಾಢ ಎಂದರ್ಥವಲ್ಲ. ನೀರಿಗೆ ಬಿದ್ದೊಡನೆ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುತ್ತದೆ ಎಂದರ್ಥ. ಎಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ದೇವೋ ಅಷ್ಟೇ ಹೈಡ್ರೋಜನ್ ಅಯಾನು, ಎಷ್ಟು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ದೇವೋ ಅಷ್ಟೇ ಹೈಡ್ರಾಕ್ಸೈಡ್ ಅಯಾನು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲಕ್ಕೆ ಈ ನೇರ ಲೆಕ್ಕ ಹೊಂದುವುದಿಲ್ಲ.

ಮಿಲಿಲೀಟರಿನಲ್ಲಿರುವ ಅಳತೆಯನ್ನು ಮೋಲಾರ್ ಸಾರತೆಯಿಂದ ಗುಣಿಸಿದರೆ ಮಿಲಿಮೋಲ್‌ಗಳು ಸಿಗುತ್ತವೆ.

ಆಮ್ಲ: 50 × 0.1 = 5
ಪ್ರತ್ಯಾಮ್ಲ: 30 × 0.2 = 6

ಆಮ್ಲದ ಕಡೆ 5 ಮಿಲಿಮೋಲ್ ಹೈಡ್ರೋಜನ್ ಅಯಾನು, ಪ್ರತ್ಯಾಮ್ಲದ ಕಡೆ 6 ಮಿಲಿಮೋಲ್ ಹೈಡ್ರಾಕ್ಸೈಡ್ ಅಯಾನು. ಅಳತೆಯಲ್ಲಿ ಹಿಂದಿದ್ದ ಪ್ರತ್ಯಾಮ್ಲವೇ ಎಣಿಕೆಯಲ್ಲಿ ಮುಂದಿದೆ. ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿದ ಹಾಗೆ, ಒಂದೊಂದು ಹೈಡ್ರೋಜನ್ ಅಯಾನು ಒಂದೊಂದು ಹೈಡ್ರಾಕ್ಸೈಡನ್ನು ಕೂಡಿಕೊಂಡು ನೀರಾಗುತ್ತದೆ. ಐದಕ್ಕೆ ಐದು ಸರಿಹೋಗಿ, 1 ಮಿಲಿಮೋಲ್ ಹೈಡ್ರಾಕ್ಸೈಡ್ ಜೊತೆಯಿಲ್ಲದೆ ಉಳಿಯುತ್ತದೆ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಕರಗಿದ ಉಪ್ಪಾಗಿ ಹಾಗೆಯೇ ಇರುತ್ತವೆ; ಈ ಲೆಕ್ಕದಲ್ಲಿ ಅವಕ್ಕೆ ಪಾತ್ರವಿಲ್ಲ.

ಎರಡನೆಯ ತಪ್ಪು ಕಾದಿರುವುದು ಇಲ್ಲಿ. ಉಳಿದ ಆ 1 ಮಿಲಿಮೋಲ್ ಈಗ ಎಷ್ಟು ನೀರಿನಲ್ಲಿ ಹರಡಿಕೊಂಡಿದೆ? ಹೈಡ್ರಾಕ್ಸೈಡ್ ಬಂದದ್ದು 30 ಮಿಲಿಲೀಟರ್‌ನಲ್ಲಿ ಎಂದು ಹಲವರು ಮೂವತ್ತರಿಂದಲೇ ಭಾಗಿಸಿ 12.5 ಎಂದು ಉತ್ತರ ಬರೆಯುತ್ತಾರೆ. ಆದರೆ ಬೆರೆಸಿದ ಮೇಲೆ ಎರಡೂ ದ್ರಾವಣಗಳ ನೀರು ಒಂದೇ. ಭಾಗಿಸಬೇಕಾದದ್ದು ಒಟ್ಟು ಅಳತೆಯಿಂದ, ಅಂದರೆ 80ರಿಂದ.

1 ÷ 80 = 0.0125 ಮೋಲಾರ್

ಇದು ಹೈಡ್ರಾಕ್ಸೈಡಿನ ಸಾರತೆ. ಇದರ ಲಾಗರಿದಮ್ ತೆಗೆದು ಚಿಹ್ನೆ ತಿರುಗಿಸಿದರೆ 1.90 ಬರುತ್ತದೆ; ಅದನ್ನು ಪಿಒಎಚ್ ಎನ್ನುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಮತ್ತು ಪಿಒಎಚ್‌ಗಳ ಮೊತ್ತ 14. ಆದ್ದರಿಂದ ಪಿಎಚ್ = 14 − 1.90 = 12.10. ಆಮ್ಲವೇ ಉಳಿದಿದ್ದರೆ ಈ ಕೊನೆಯ ಕಳೆಯುವಿಕೆ ಬೇಕಿರಲಿಲ್ಲ. ಉಳಿದ ಹೈಡ್ರೋಜನ್ ಅಯಾನಿನ ಸಾರತೆಯಿಂದ ನೇರವಾಗಿ ಪಿಎಚ್ ಸಿಗುತ್ತಿತ್ತು. ಅವಸರದಲ್ಲಿ 1.90 ಎಂಬುದನ್ನೇ ಪಿಎಚ್ ಎಂದು ಬರೆದುಬಿಡುವವರೂ ಇದ್ದಾರೆ. ಪ್ರತ್ಯಾಮ್ಲ ಹೆಚ್ಚಾಗಿ ಉಳಿದಿದೆ ಎಂದು ಎರಡು ಸಾಲು ಮೇಲೆ ತಾವೇ ಬರೆದದ್ದನ್ನು ಒಮ್ಮೆ ನೋಡಿದರೆ ಸಾಕು, ಉತ್ತರ ಏಳಕ್ಕಿಂತ ಮೇಲಿರಲೇಬೇಕು ಎಂದು ಗೊತ್ತಾಗುತ್ತದೆ.

ಈಗ ಅದೇ ಆಮ್ಲಕ್ಕೆ 30ರ ಬದಲು 25 ಮಿಲಿಲೀಟರ್ ಹಾಕಿದೆವು ಎನ್ನೋಣ. 25 × 0.2 ಎಂದರೆ 5. ಎರಡೂ ಕಡೆ ಸರಿಸಮ, ಏನೂ ಉಳಿಯುವುದಿಲ್ಲ, ಪಿಎಚ್ 7. ಈ ಬಿಂದುವಿನ ಆಚೀಚೆ ನಡೆಯುವುದನ್ನು ನಿಧಾನವಾಗಿ ನೋಡಬೇಕು. ಬ್ಯೂರೆಟ್‌ನಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್. ಒಂದು ಹನಿ ಕಡಿಮೆಯಿದ್ದಾಗ, ಅಂದರೆ 24.95ರಲ್ಲಿ, ಪಿಎಚ್ ಸುಮಾರು 3.9. ಒಂದು ಹನಿ ಹೆಚ್ಚಾದಾಗ, 25.05ರಲ್ಲಿ, ಸುಮಾರು 10.1. ಎರಡೇ ಹನಿಗಳಲ್ಲಿ ಆರು ಅಂಕದ ನೆಗೆತ! ಆದರೆ 25ರಿಂದ 30 ಮಿಲಿಲೀಟರ್‌ವರೆಗೆ ಐದು ಮಿಲಿಲೀಟರ್ ಸುರಿದರೂ, ಆ ಮೊದಲ ಹನಿಯ ನೆಗೆತ ಕಳೆದ ಮೇಲೆ ಪಿಎಚ್ ಏರುವುದು ಬರೀ ಎರಡು ಅಂಕ. ಅನುಮಾಪನ ಎಂಬ ಪ್ರಯೋಗ ನಿಂತಿರುವುದೇ ಈ ನೆಗೆತದ ಮೇಲೆ. ಫಿನಾಲ್ಫ್ಥಲೀನ್ ಸೂಚಕ ಬಣ್ಣ ಬದಲಿಸುವುದು ಸರಿಸುಮಾರು 8ರಿಂದ 10ರ ನಡುವೆ, ಸರಿಯಾಗಿ 7ರಲ್ಲಲ್ಲ. ಹಾಗಿದ್ದೂ ಅದನ್ನು ನಂಬಬಹುದು, ಏಕೆಂದರೆ 7ರಿಂದ 10ಕ್ಕೆ ಹೋಗಲು ಒಂದು ಹನಿಯೇ ಸಾಕು.

ಇದೇ ನೆಗೆತ ಲೆಕ್ಕಕ್ಕೆ ತೊಡಕನ್ನೂ ತರುತ್ತದೆ. 0.2 ಮೋಲಾರ್ ದ್ರಾವಣ ಬೇಕೆಂದು ಯಾರೋ 8 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ತೂಗಿ, ನೀರಿನಲ್ಲಿ ಕರಗಿಸಿ, ಒಂದು ಲೀಟರ್ ಮಾಡಿದರು ಎಂದುಕೊಳ್ಳಿ. ಅದರ ಬಿಳಿ ಹರಳುಂಡೆಗಳು ತಕ್ಕಡಿಯ ಮೇಲಿದ್ದಾಗಲೇ ಗಾಳಿಯ ತೇವವನ್ನು ಹೀರಿ ಮಿರಮಿರ ಹೊಳೆಯತೊಡಗುತ್ತವೆ. ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತವೆ. ತೂಗಿದ್ದರಲ್ಲಿ ನೂರಕ್ಕೆ ಐದು ಪಾಲು ನೀರೇ ಆಗಿದ್ದರೆ ದ್ರಾವಣದ ನಿಜವಾದ ಸಾರತೆ 0.19. ಇದರಿಂದ ನಮ್ಮ ಮೊದಲ ಲೆಕ್ಕಕ್ಕೆ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ: 30 ಮಿಲಿಲೀಟರ್ ಹಾಕಿದಾಗ 12.1ರ ಬದಲು 11.9 ಬರುತ್ತದೆ. ಆದರೆ 25 ಮಿಲಿಲೀಟರ್ ಹಾಕಿ 7 ಬರಲಿ ಎಂದು ಕಾದವರಿಗೆ ಸಿಗುವುದು ಸುಮಾರು 2.5, ಅಚ್ಚ ಆಮ್ಲ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಶೀಶೆಯ ಮೇಲೆ ಬರೆದ ಸಾರತೆ ತಪ್ಪು. ಅದಕ್ಕಾಗಿಯೇ ಪ್ರಯೋಗಾಲಯಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡನ್ನು ತೂಕದ ಮೇಲೆ ನಂಬುವುದಿಲ್ಲ. ನಿಖರವಾಗಿ ತೂಗಲು ಬರುವ ಆಕ್ಸಾಲಿಕ್ ಆಮ್ಲದ ಹರಳಿನಿಂದ ಒಂದು ದ್ರಾವಣ ಮಾಡಿಕೊಂಡು, ಅದರೊಂದಿಗೆ ಅನುಮಾಪನ ನಡೆಸಿ, ನಿಜವಾದ ಸಾರತೆಯನ್ನು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ತಟಸ್ಥ ಬಿಂದುವಿನ ಹತ್ತಿರ ಪಿಎಚ್ ಇಷ್ಟೇ ಎಂದು ಕಾಗದದ ಮೇಲೆ ಹೇಳುವ ಉತ್ತರಕ್ಕಿಂತ ಅಲ್ಲಿ ಅಳೆದು ನೋಡುವುದೇ ಮೇಲು.

ಹೈಡ್ರೋಕ್ಲೋರಿಕ್ ಆಮ್ಲದ ಜಾಗದಲ್ಲಿ ಸಲ್ಫ್ಯೂರಿಕ್ ಆಮ್ಲ ಬಂದರೆ ಎಣಿಕೆ ಬದಲಾಗುತ್ತದೆ. ಅದರ ಒಂದೊಂದು ಅಣುವಿನಲ್ಲೂ ಬಿಟ್ಟುಕೊಡಬಲ್ಲ ಹೈಡ್ರೋಜನ್ ಎರಡು. 50 ಮಿಲಿಲೀಟರ್, 0.1 ಮೋಲಾರ್ ಎಂದರೆ ಈಗ 5 ಅಲ್ಲ, 10 ಮಿಲಿಮೋಲ್. ಪ್ರತ್ಯಾಮ್ಲ ಹೆಚ್ಚಾಗಿ ಉಳಿಯುವ ಸಂದರ್ಭದಲ್ಲಿ ಹೀಗೆ ಎರಡರಿಂದ ಗುಣಿಸಿಕೊಂಡರೆ ಉತ್ತರ ಸರಿಯಾಗಿಯೇ ಬರುತ್ತದೆ. ಆಮ್ಲವೇ ಉಳಿದರೆ ಮಾತ್ರ ಎಚ್ಚರ ಬೇಕು: ಅದರ ಎರಡನೆಯ ಹೈಡ್ರೋಜನ್ ಅಷ್ಟು ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ, ಹಾಗಾಗಿ ಈ ಸರಳ ಲೆಕ್ಕ ತೋರಿಸುವಷ್ಟು ಆಮ್ಲೀಯತೆ ಪಾತ್ರೆಯಲ್ಲಿ ಇರುವುದಿಲ್ಲ.

ಇನ್ನು 14 ಎಂಬ ಆ ಸಂಖ್ಯೆ. ಅದು 25 ಡಿಗ್ರಿಯ ಸಂಖ್ಯೆ. ಬಿಸಿಯೇರಿದಂತೆ ನೀರೇ ಹೆಚ್ಚು ಹೆಚ್ಚು ಅಯಾನುಗಳಾಗಿ ಒಡೆಯುವುದರಿಂದ ಮೊತ್ತ ಇಳಿಯುತ್ತದೆ. 40 ಡಿಗ್ರಿಯಲ್ಲಿ ಅದು ಸುಮಾರು 13.5. ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಅಪರೂಪವೇನಲ್ಲ. ದ್ರಾವಣವೂ ಅಷ್ಟೇ ಬಿಸಿಯಾಗಿದ್ದರೆ ನಮ್ಮ ಮಿಶ್ರಣದ ಪಿಎಚ್ 12.1 ಅಲ್ಲ, 11.6. ಅದರಲ್ಲಿರುವ ಹೈಡ್ರಾಕ್ಸೈಡ್ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ತಟಸ್ಥ ಬಿಂದುವೇ 7ರಿಂದ 6.8ರ ಹತ್ತಿರಕ್ಕೆ ಸರಿದಿರುತ್ತದೆ. ಆಮ್ಲ ಉಳಿದ ಮಿಶ್ರಣಕ್ಕೆ ಈ ತೊಂದರೆಯಿಲ್ಲ, ಅದರ ಲೆಕ್ಕದಲ್ಲಿ 14 ಬರುವುದೇ ಇಲ್ಲವಲ್ಲ.

25 ಡಿಗ್ರಿಯಲ್ಲೇ, ಸಾರತೆಯನ್ನು ಖಚಿತಪಡಿಸಿಕೊಂಡ ದ್ರಾವಣಗಳನ್ನೇ ಬೆರೆಸಿ, ಒಳ್ಳೆಯ ಪಿಎಚ್ ಮೀಟರ್ ಅದ್ದಿದರೂ ಅದು ಸುಮಾರು 12.0 ತೋರಿಸುತ್ತದೆ. ಕಾರಣ, ದ್ರಾವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಕಿಕ್ಕಿರಿದಿವೆ. ವಿರುದ್ಧ ವಿದ್ಯುದಾವೇಶದ ಅಯಾನುಗಳು ಸುತ್ತುವರಿದಿರುವುದರಿಂದ ಹೈಡ್ರಾಕ್ಸೈಡ್ ತನ್ನ ಎಣಿಕೆಗಿಂತ ಸ್ವಲ್ಪ ಕಡಿಮೆ ಇರುವಂತೆ ವರ್ತಿಸುತ್ತದೆ, ಮೀಟರ್ ಅಳೆಯುವುದು ಆ ವರ್ತನೆಯನ್ನು. ದ್ರಾವಣ ತೆಳುವಾದಷ್ಟೂ ಈ ಅಂತರ ಕಿರಿದಾಗುತ್ತದೆ. ಆದ್ದರಿಂದ ಕ್ಯಾಲ್ಕುಲೇಟರ್ 12.0969 ಎಂದು ತೋರಿಸಿದರೂ ಉತ್ತರ ಪತ್ರಿಕೆಯಲ್ಲಿ 12.1 ಎಂದು ಬರೆದರೆ ಸಾಕು. ಉಳಿದ ಅಂಕಿಗಳನ್ನು ಸಮರ್ಥಿಸುವಷ್ಟು ವಿವರ ಪ್ರಶ್ನೆಯಲ್ಲೇ ಇರಲಿಲ್ಲ.